ಎದೆ 43, ಹೊಟ್ಟೆ 33: ಅಗಲ ಭುಜದವರಿಗೆ ಶರ್ಟು, ಕೋಟು ಹೊಂದಿಸಿಕೊಳ್ಳುವ ದಾರಿ

ಅಡಿಕೆ ಕೊಯ್ಲಿನ ಹೊತ್ತಿಗೆ ಸಾಗರದ ಕಡೆ ತೋಟಕ್ಕೆ ಹೋದರೆ ಕೊನೆಗೌಡರ ಬೆನ್ನು ನೋಡಬೇಕು. ಮರ ಹತ್ತಿ ಹತ್ತಿ ಭುಜ ಅಗಲವಾಗಿರುತ್ತದೆ, ಕಂಕುಳ ಕೆಳಗೆ ಬೆನ್ನು ಎರಡೂ ಕಡೆ ಹರಡಿಕೊಂಡಿರುತ್ತದೆ, ಹೊಟ್ಟೆ ಮಾತ್ರ ಒಳಗೆ. ಅದೇ ಮನುಷ್ಯ ಸಂಜೆ ಮದುವೆ ಮನೆಗೆ ರೆಡಿಮೇಡ್ ಶರ್ಟು ಹಾಕಿಕೊಂಡು ಬಂದರೆ ಹೊಟ್ಟೆ ಬಂದವನ ಹಾಗೆ ಕಾಣುತ್ತಾನೆ. ಎದೆಗೆ ಸರಿಯಾದ ಶರ್ಟು ಸೊಂಟದ ಹತ್ತಿರ ಅಡಿಕೆ ಚೀಲದ ಹಾಗೆ ಉಬ್ಬಿಕೊಂಡಿರುತ್ತದೆ. ಸೊಂಟಕ್ಕೆ ಸರಿಯಾದದ್ದು ತಗೊಂಡರೆ ಎದೆಯ ಗುಂಡಿ ಕಿತ್ತು ಬರುತ್ತದೆ.

ನನ್ನದೂ ಅದೇ ಕಥೆ. ಕಾಲೇಜಿನಲ್ಲಿ ಕಬಡ್ಡಿ, ಆಮೇಲೆ ಜಿಮ್ಮು. ಎದೆ 43 ಇಂಚು, ಹೊಟ್ಟೆ 33. ನಡುವೆ 10 ಇಂಚು ವ್ಯತ್ಯಾಸ. ಸಾಮಾನ್ಯವಾಗಿ ಕೋಟು-ಪ್ಯಾಂಟು ಜೊತೆಯಾಗಿ ಹೊಲಿಯುವ ಕಂಪನಿಗಳು ಎದೆಗೂ ಸೊಂಟಕ್ಕೂ 6 ಇಂಚು ವ್ಯತ್ಯಾಸ ಇಟ್ಟುಕೊಂಡು ಹೊಲಿಯುತ್ತವೆ. ರೆಡಿಮೇಡ್ ಶರ್ಟಿನಲ್ಲಿ ಅಷ್ಟೂ ಇರುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ನಮಗೆ ಸರಿಯಾದ ಶರ್ಟು ಸಿಗಲ್ಲ ಅಂತ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸಿಗುವುದು ಏನಿದ್ದರೂ ಸರಿ ಮಾಡಿಕೊಳ್ಳಬಹುದಾದ ಶರ್ಟು. ಯಾವುದು ಸರಿ ಮಾಡಲು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಗೊತ್ತಿದ್ದರೆ ಆಯಿತು.

ಭುಜದ ಹೊಲಿಗೆ ಬಿಚ್ಚಿ ಸರಿ ಮಾಡಬೇಕು ಅಂದರೆ ತೋಳನ್ನೇ ಕಿತ್ತು ಮತ್ತೆ ಕೂರಿಸಬೇಕು. ಎದೆ ಬಿಗಿ ಇದ್ದರೆ ಬಿಡಿಸಲು ಒಳಗೆ ಬಟ್ಟೆಯೇ ಇರುವುದಿಲ್ಲ. ಸೊಂಟ ಹಾಗಲ್ಲ, ಅರ್ಧ ಗಂಟೆ ಕೆಲಸ. ಅದಕ್ಕೆ ಭುಜ ಮತ್ತು ಎದೆ ನೋಡಿ ಶರ್ಟು ಕೊಳ್ಳಬೇಕು, ಸೊಂಟವನ್ನು ಟೇಲರ್ ಕೈಗೆ ಕೊಡಬೇಕು. ಮುಂದೆ ಹೇಳುವುದೆಲ್ಲ ಇದನ್ನೇ ಮಾಡುವ ಕ್ರಮ.

ಮೊದಲು ಮನೆಯಲ್ಲಿ ಅಳತೆ

ಟೇಲರ್ ಟೇಪು 20-30 ರೂಪಾಯಿಗೆ ಗಾಂಧಿ ಬಜಾರಿನ ಯಾವ ಗುಂಡಿ-ದಾರದ ಅಂಗಡಿಯಲ್ಲೂ ಸಿಗುತ್ತದೆ. ಬನಿಯನ್ ಮೇಲೆ ಅಳತೆ ತೆಗೆಯಿರಿ. ಒಬ್ಬರೇ ತೆಗೆದರೆ ಬೆನ್ನ ಹಿಂದೆ ಟೇಪು ಜಾರುತ್ತದೆ, ಮನೆಯಲ್ಲಿ ಯಾರನ್ನಾದರೂ ಕರೆಯಿರಿ.

ಎದೆಗೆ ಟೇಪು ಕಂಕುಳ ಕೆಳಗಿಂದ, ಬೆನ್ನಿನ ರೆಕ್ಕೆ ಮೂಳೆಗಳ ಮೇಲೆ ಹಾದು ಬರಬೇಕು. ಕೈ ಕೆಳಗೆ ಬಿಟ್ಟಿರಬೇಕು, ಉಸಿರು ಮಾಮೂಲಾಗಿರಬೇಕು. ಜಿಮ್ಮಿಗೆ ಹೋಗುವ ಹುಡುಗರು ಟೇಪು ಕಂಡ ತಕ್ಷಣ ಎದೆ ಉಬ್ಬಿಸುತ್ತಾರೆ. ಅಲ್ಲಿ ಎರಡು ಇಂಚು ಸುಮ್ನೆ ಜಾಸ್ತಿ ಬಂದು, ಕೊನೆಗೆ ಶರ್ಟು ಜೋತು ಬೀಳುತ್ತದೆ. ಭುಜಕ್ಕೆ ಹಿಂದಿನಿಂದ ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದರ ತುದಿಗೆ. ಹೊಟ್ಟೆಯ ಅಳತೆ ಹೊಕ್ಕುಳ ಮಟ್ಟದಲ್ಲಿ. ಪ್ಯಾಂಟಿನ ಸೈಜು 32 ಅಂತ ಅದನ್ನೇ ಬರೆದುಕೊಳ್ಳಬೇಡಿ, ಪ್ಯಾಂಟು ಕೂರುವುದು ಅದಕ್ಕಿಂತ ಕೆಳಗೆ. ಕೊನೆಗೆ ಹಿಂಭಾಗದ ಅತಿ ದಪ್ಪ ಜಾಗದಲ್ಲಿ ಸುತ್ತಳತೆ, ಟೇಲರ್‌ಗಳು ಇದನ್ನು ಸೀಟು ಅನ್ನುತ್ತಾರೆ. ಓಡುವವರಿಗೆ, ಸ್ಕ್ವಾಟ್ ಮಾಡುವವರಿಗೆ ಸೀಟು ದೊಡ್ಡದಿರುತ್ತದೆ, ಶರ್ಟಿನ ಕೆಳಗಿನ ಗುಂಡಿ ಎಳೆಯುವುದು ಅದರಿಂದಲೇ.

ನನ್ನ ಚೀಟಿಯಲ್ಲಿ ಇರುವುದು: ಭುಜ 19, ಎದೆ 43, ಹೊಟ್ಟೆ 33, ಸೀಟು 38. ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ.

ಇದು ಮೈಯ ಅಳತೆ. ಶರ್ಟಿನ ಅಳತೆ ಇದಕ್ಕಿಂತ ದೊಡ್ಡದಿರಬೇಕು. ಎದೆಯ ಹತ್ತಿರ 3 ರಿಂದ 4 ಇಂಚು ಸಡಿಲ ಇದ್ದರೆ ಉಸಿರಾಡಲು, ಕೈ ಚಾಚಲು ತೊಂದರೆ ಇಲ್ಲ. ಹೊಟ್ಟೆಯ ಹತ್ತಿರ 5 ರಿಂದ 6 ಇಂಚು. ಎದೆಗಿಂತ ಹೊಟ್ಟೆಗೆ ಯಾಕೆ ಜಾಸ್ತಿ ಅಂದರೆ, ಕೂತಾಗ ಹೊಟ್ಟೆ ಮುಂದಕ್ಕೆ ಬರುತ್ತದೆ, ಊಟ ಆದ ಮೇಲೆ ಇನ್ನೂ ಸ್ವಲ್ಪ. ನನಗೆ ಬೇಕಾದ ಶರ್ಟು ಅಂದರೆ ಎದೆ 46, ಹೊಟ್ಟೆ 39. ಈ ಎರಡು ನಂಬರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ಅಂಗಡಿಯಲ್ಲಿ

ಫಾರ್ಮಲ್ ಶರ್ಟಿನ ಕಾಲರಿನಲ್ಲಿ 39, 40, 42, 44 ಅಂತ ಇರುತ್ತದಲ್ಲ, ಅದು ಎದೆಯ ಅಳತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಅದು ಕುತ್ತಿಗೆಯ ಸುತ್ತಳತೆ, ಅದೂ ಸೆಂಟಿಮೀಟರಿನಲ್ಲಿ. 40 ಅಂದರೆ ಹದಿನೈದು ಮುಕ್ಕಾಲು ಇಂಚಿನ ಕಾಲರು, 42 ಅಂದರೆ ಹದಿನಾರೂವರೆ. ಎದೆ ಎಷ್ಟಿರಬೇಕು ಅನ್ನುವುದನ್ನು ಕಂಪನಿಯವರು ಆ ಕುತ್ತಿಗೆಗೆ ತಕ್ಕ ಹಾಗೆ ಅಂದಾಜು ಮಾಡಿರುತ್ತಾರೆ. ಒಬ್ಬೊಬ್ಬರ ಅಂದಾಜು ಒಂದೊಂದು ಥರ. ಹಾಗಾಗಿ ಒಂದು ಕಂಪನಿಯ 42 ಸರಿಯಾಯಿತು ಅಂತ ಇನ್ನೊಂದರ 42 ಕಣ್ಣು ಮುಚ್ಚಿ ತಗೊಳ್ಳುವ ಹಾಗಿಲ್ಲ.

ಸೈಜಿನ ನಂಬರು ಬಿಟ್ಟು ಟೇಪು ಹಿಡಿಯಿರಿ. ಶರ್ಟಿನ ಗುಂಡಿ ಹಾಕಿ ಕೌಂಟರಿನ ಮೇಲೆ ಚಪ್ಪಟೆಯಾಗಿ ಹರಡಿ. ಕಂಕುಳ ಹೊಲಿಗೆಯಿಂದ ಕಂಕುಳ ಹೊಲಿಗೆಗೆ ಅಳೆಯಿರಿ. ಆಮೇಲೆ ಅದಕ್ಕಿಂತ ಆರೇಳು ಇಂಚು ಕೆಳಗೆ, ಹೊಟ್ಟೆಯ ಜಾಗದಲ್ಲಿ ಅಡ್ಡಕ್ಕೆ ಇನ್ನೊಂದು ಅಳತೆ. ಎರಡನ್ನೂ ಎರಡರಿಂದ ಗುಣಿಸಿದರೆ ಸುತ್ತಳತೆ ಸಿಕ್ಕಿತು. ದುರ್ಗಿಗುಡಿಯ ಅಂಗಡಿಯಲ್ಲಿ ಮೊದಲ ಸಲ ಹೀಗೆ ಟೇಪು ತೆಗೆದಾಗ ಸೇಲ್ಸ್ ಹುಡುಗ, "ಏನಣ್ಣ, ಟೇಲರಾ?" ಅಂತ ಕೇಳಿದ. ನಾಚಿಕೆ ಬೇಡ, ಟ್ರಯಲ್ ರೂಮಿನಲ್ಲಿ ಹತ್ತು ಶರ್ಟು ಹಾಕಿ ತೆಗೆಯುವುದು ಇದರಿಂದ ತಪ್ಪುತ್ತದೆ.

ರೆಗ್ಯುಲರ್ ಫಿಟ್ ಶರ್ಟಿನಲ್ಲಿ ಎದೆಗೂ ಹೊಟ್ಟೆಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ, ನೆಟ್ಟಗೆ ಕೆಳಗಿಳಿದಿರುತ್ತದೆ. ಸ್ಲಿಮ್ ಫಿಟ್‌ನಲ್ಲಿ ಸ್ವಲ್ಪ ಒಳಗೆ ಬಂದಿರುತ್ತದೆ. ಆದರೆ ಸ್ಲಿಮ್ ಅಂದಾಗ ಎದೆ, ತೋಳು, ಕಂಕುಳ ಎಲ್ಲವನ್ನೂ ಕಡಿಮೆ ಮಾಡಿಬಿಡುತ್ತಾರೆ. ನಮಗೆ ಒಗ್ಗುವ ಉಪಾಯ ಅಂದರೆ ಸ್ಲಿಮ್ ಫಿಟ್‌ನಲ್ಲೇ ಒಂದು ಸೈಜು ದೊಡ್ಡದು ತಗೊಳ್ಳುವುದು. ಹಿಂಬದಿಯಲ್ಲಿ ಭುಜದ ಪಟ್ಟಿಯ ಕೆಳಗೆ ನಡುವೆ ದೊಡ್ಡ ಬಾಕ್ಸ್ ಪ್ಲೀಟ್ ಇರುವ ಶರ್ಟು ಬಿಟ್ಟುಬಿಡಿ. ಆ ಮಡಿಕೆಯ ಬಟ್ಟೆಯೆಲ್ಲ ಸೊಂಟದಲ್ಲಿ ಬಂದು ಗುಡ್ಡೆ ಬೀಳುತ್ತದೆ. ಎರಡು ಭುಜದ ಹತ್ತಿರ ಒಂದೊಂದು ಚಿಕ್ಕ ಮಡಿಕೆ ಇದ್ದರೆ ಪರವಾಗಿಲ್ಲ, ಬೆನ್ನು ಅಗಲ ಇರುವವರಿಗೆ ಅದು ಬೇಕು ಕೂಡ.

ಹಾಕಿಕೊಂಡು ನೋಡುವಾಗ ಕನ್ನಡಿಯ ಎದುರು ಸುಮ್ಮನೆ ನಿಂತರೆ ಏನೂ ಗೊತ್ತಾಗಲ್ಲ. ಮೊದಲು ಭುಜದ ಹೊಲಿಗೆ ನೋಡಿ, ಮೂಳೆಯ ತುದಿಯಲ್ಲೇ ಇರಬೇಕು. ಅರ್ಧ ಇಂಚು ಆಚೆ ಇದ್ದರೆ ನಡೆಯುತ್ತದೆ, ಒಳಗೆ ಇದ್ದರೆ ಆ ಶರ್ಟು ಬೇಡ. ಆಮೇಲೆ ಬೈಕಿನ ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಿ. ಬೆನ್ನಿನಲ್ಲಿ ಅಡ್ಡಕ್ಕೆ ಬಿಗಿ ಅನಿಸಿದರೆ ಎದೆ ಸರಿ ಇದ್ದರೂ ಬೆನ್ನು ಸಾಲದು ಅಂತ ಅರ್ಥ. ಒಂದು ಕೈ ಬಸ್ಸಿನ ಕಂಬಿ ಹಿಡಿಯುವ ಹಾಗೆ ಮೇಲೆತ್ತಿ. ಇನ್ ಮಾಡಿದ ಶರ್ಟು ಪೂರ್ತಿ ಹೊರಗೆ ಬಂದರೆ ಕಂಕುಳ ತುಂಬ ಕೆಳಗಿದೆ. ಇದನ್ನು ಆಲ್ಟರ್ ಮಾಡಿ ಸರಿಪಡಿಸಲು ಆಗುವುದಿಲ್ಲ. ಜಾಸ್ತಿ ಜನ ಕಂಕುಳ ಕೆಳಗಿದ್ದರೆ ಆರಾಮ ಅಂದುಕೊಳ್ಳುತ್ತಾರೆ. ನಿಜ ಉಲ್ಟಾ. ಕಂಕುಳ ಮೇಲಿದ್ದಷ್ಟೂ ಕೈ ಬೇರೆ, ಶರ್ಟಿನ ಮೈ ಬೇರೆ ಆಡುತ್ತದೆ.

ಎದೆಯ ಗುಂಡಿಯಿಂದ ನಾಲ್ಕೂ ಕಡೆಗೆ ಗೆರೆ ಎಳೆದ ಹಾಗೆ ನೆರಿಗೆ ಬಿದ್ದರೆ, ಇಲ್ಲವೇ ಎರಡು ಗುಂಡಿಯ ನಡುವೆ ಬನಿಯನ್ ಕಂಡರೆ ವಾಪಸ್ ಇಡಿ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್" ಅನ್ನುತ್ತಾರೆ. ಕಾಟನ್ ಶರ್ಟು ಒಗೆದ ಮೇಲೆ ಇನ್ನೂ ಬಿಗಿಯಾಗುತ್ತದೆ, ಅಷ್ಟೆ.

ನಾನು ಈ ಸಲ ತಗೊಂಡದ್ದು ತಿಳಿ ನೀಲಿ, ಪ್ಲೇನ್, ಸ್ಲಿಮ್ ಫಿಟ್. ಚಪ್ಪಟೆ ಹರಡಿದಾಗ ಎದೆ 23, ಹೊಟ್ಟೆ 22. ಅಂದರೆ ಸುತ್ತಳತೆ 46 ಮತ್ತು 44. ಎದೆ ನನಗೆ ಬೇಕಾದಷ್ಟೇ ಇದೆ. ಹೊಟ್ಟೆ 39 ಬೇಕು, 44 ಇದೆ. ತೆಗೆಯಬೇಕಾದದ್ದು 5 ಇಂಚು.

ಟೇಲರ್ ಹತ್ತಿರ ಹೋಗುವ ಮೊದಲು ಒಂದು ಸಲ ಒಗೆಯಿರಿ

ಪೂರ್ತಿ ಕಾಟನ್ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಎರಡು ಮೂರರಷ್ಟು ಕುಗ್ಗುವುದು ಮಾಮೂಲು. 46 ಇಂಚಿಗೆ ನೂರಕ್ಕೆ ಎರಡು ಅಂದರೂ ಹತ್ತಿರ ಹತ್ತಿರ ಒಂದು ಇಂಚು. ಹೊಸ ಶರ್ಟನ್ನೇ ಒಯ್ದು ಬಿಗಿ ಮಾಡಿಸಿದರೆ ಎರಡನೇ ವಾರಕ್ಕೆ ಗುಂಡಿ ಎಳೆಯಲು ಶುರುವಾಗುತ್ತದೆ, ಟೇಲರ್ ತಪ್ಪು ಅಂತ ನಾವು ಬೈಯುತ್ತೇವೆ. ಆಷಾಢದಲ್ಲಿ ನಮ್ಮ ಕಡೆ ಒಂದು ಶರ್ಟು ಒಣಗಲು ಮೂರು ದಿನ ಬೇಕು ಅನ್ನುವುದು ಬೇರೆ ಮಾತು. ಆದರೂ ಕಾಯಿರಿ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಬೇಗ ಆಗುತ್ತದೆ, ಹೊಗೆ ವಾಸನೆ ಫ್ರೀ.

ಒಗೆದ ಮೇಲೆ ಮತ್ತೆ ಅಳೆಯಿರಿ. ನನ್ನ ಶರ್ಟಿನಲ್ಲಿ ಕಾಟನ್ ಜೊತೆ ಬೇರೆ ದಾರವೂ ಇತ್ತು, ಅಳತೆ ಬದಲಾಗಲಿಲ್ಲ.

5 ಇಂಚು ಎಲ್ಲಿಂದ ತೆಗೆಯುವುದು

ಇಲ್ಲೇ ನಾನು ಹಿಂದೊಮ್ಮೆ ಮೋಸ ಹೋದದ್ದು. ಹೆಸರು ಬೇಡ, ಬಸ್ ಸ್ಟ್ಯಾಂಡಿನ ಹತ್ತಿರ ಆಲ್ಟರೇಷನ್ ಮಾಡುವವರೊಬ್ಬರಿಗೆ ಇಂಥದ್ದೇ ಒಂದು ಶರ್ಟು ಕೊಟ್ಟಿದ್ದೆ. "ಎಷ್ಟು ಹಿಡೀಲಿ?" ಅಂದರು. ನಾನು ಒಟ್ಟು ನಾಲ್ಕು ಇಂಚು ಅಂತ ಲೆಕ್ಕ ಹಾಕಿ, "ಎರಡೂ ಕಡೆ ಎರಡೆರಡು ಇಂಚು" ಅಂದೆ. ಅವರು ಹೇಳಿದ ಹಾಗೇ ಮಾಡಿದರು. ಪಕ್ಕದ ಹೊಲಿಗೆಯನ್ನು ಎರಡು ಇಂಚು ಒಳಗೆ ತಗೊಂಡರು. ಆದರೆ ಪಕ್ಕದ ಹೊಲಿಗೆ ಎರಡು ಇಂಚು ಒಳಗೆ ಹೋದರೆ ಮುಂದಿನ ಭಾಗದ ಎರಡು ಇಂಚು, ಹಿಂದಿನ ಭಾಗದ ಎರಡು ಇಂಚು ಹೋಗುತ್ತದೆ. ಒಂದು ಪಕ್ಕಕ್ಕೆ ನಾಲ್ಕು, ಎರಡೂ ಪಕ್ಕ ಸೇರಿ ಎಂಟು! ಅದು ಸಾಲದು ಅಂತ ಕಂಕುಳಿಂದಲೇ ಹಿಡಿದಿದ್ದರು. ಅಲ್ಲಿ ಒಂದೊಂದು ಇಂಚು ಹೋಗಿ 46 ಇದ್ದ ಎದೆ 42 ಆಗಿತ್ತು. ನನ್ನ ಎದೆಯೇ 43. ಒಳಗೆ ಮಿಕ್ಕ ಬಟ್ಟೆ ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರಿಂದ ಬಿಡಿಸುವ ಮಾತೇ ಇಲ್ಲ. ಆ ಶರ್ಟು ಈಗ ನನ್ನ ತಮ್ಮನ ಮೈ ಮೇಲಿದೆ.

ಹಾಗಾಗಿ ಟೇಲರ್‌ಗೆ ಎಷ್ಟು ಹಿಡಿಯಬೇಕು ಅಂತ ಹೇಳಬೇಡಿ. ಕೆಲಸ ಮುಗಿದ ಮೇಲೆ ಶರ್ಟು ಎಷ್ಟು ಇರಬೇಕು ಅಂತ ಹೇಳಿ. "ಹೊಟ್ಟೆ ಹತ್ತಿರ ರೆಡಿ ಅಳತೆ 39 ಬರಬೇಕು, ಎದೆ ಮುಟ್ಟಬೇಡಿ." ಇಷ್ಟು ಹೇಳಿದರೆ ತಪ್ಪಲು ಜಾಗ ಇರುವುದಿಲ್ಲ.

ಐದು ಇಂಚನ್ನೂ ಪಕ್ಕದ ಹೊಲಿಗೆಯಿಂದಲೇ ತೆಗೆಯುವುದು ಒಳ್ಳೆಯದಲ್ಲ. ಪಕ್ಕದಿಂದ ಜಾಸ್ತಿ ತೆಗೆದಷ್ಟೂ ಕಂಕುಳ ಕೆಳಗೆ ಹೊಲಿಗೆ ಒಮ್ಮೆಲೇ ಒಳಗೆ ತಿರುಗುತ್ತದೆ, ಅಲ್ಲಿ ಬಟ್ಟೆ ಸೊಟ್ಟಗೆ ಎಳೆಯುತ್ತದೆ. ಕೆಳಗಿನ ದುಂಡು ಅಂಚೂ ಕೆಡುತ್ತದೆ. ಹೊಲಿಗೆಯನ್ನು ಒಂದೊಂದು ಪಕ್ಕ ಒಂದು ಇಂಚಿಗಿಂತ ಜಾಸ್ತಿ ಒಳಗೆ ತರಬಾರದು ಅನ್ನುವುದು ನನ್ನ ಲೆಕ್ಕ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಹಿಂಬದಿಯಲ್ಲಿ ಡಾಟ್ ಹಾಕಿಸಬೇಕು.

ಡಾಟ್ ಅಂದರೆ ಹೆಂಗಸರ ಬ್ಲೌಸಿನಲ್ಲಿ ಟಕ್ಸ್ ಹಾಕುತ್ತಾರಲ್ಲ, ಅದೇ ಜಾತಿ. ಶರ್ಟಿನ ಬೆನ್ನಿನಲ್ಲಿ ಬೆನ್ನುಹುರಿಯ ಎಡಕ್ಕೊಂದು, ಬಲಕ್ಕೊಂದು ಉದ್ದುದ್ದದ ಮಡಿಕೆ ಹಿಡಿದು ಒಳಗಿನಿಂದ ಹೊಲಿಯುತ್ತಾರೆ. ನಡುವೆ ಅಗಲ, ಎರಡೂ ತುದಿ ಚೂಪು, ಒಂದು ಉದ್ದ ಮೀನಿನ ಆಕಾರ. ನಮ್ಮಂಥವರಿಗೆ ಇದು ಯಾಕೆ ಒಗ್ಗುತ್ತದೆ ಅಂದರೆ ಬೆನ್ನು ಮೇಲೆ ಅಗಲವಾಗಿ, ಸೊಂಟದ ಹತ್ತಿರ ಒಳಗೆ ಬಾಗಿರುತ್ತದೆ. ಬಟ್ಟೆ ಗುಡ್ಡೆ ಬೀಳುವುದು ಆ ಗುಳಿಯಲ್ಲೇ. ಡಾಟ್ ಅಲ್ಲಿಂದಲೇ ಬಟ್ಟೆಯನ್ನು ತೆಗೆಯುತ್ತದೆ.

ನಿಮಗೆ ಡಾಟ್ ಬೇಕೋ, ಪಕ್ಕ ಹಿಡಿಸಿದರೆ ಸಾಕೋ ಅಂತ ತಿಳಿಯುವುದು ಸುಲಭ. ಶರ್ಟು ಹಾಕಿ ನಿಂತು ಯಾರಿಗಾದರೂ ಬೆನ್ನಿನಲ್ಲಿ ಎರಡು ಕಡೆ ಬಟ್ಟೆ ಚಿವುಟಿ ಹಿಡಿಯಲು ಹೇಳಿ. ಕನ್ನಡಿಯಲ್ಲಿ ಮುಂಭಾಗವೂ ನೀಟಾಯಿತು ಅಂದರೆ ಡಾಟ್ ಸಾಕು. ಮುಂದೆ ಇನ್ನೂ ಪಕ್ಕದಲ್ಲಿ ಬಟ್ಟೆ ಪಟಪಟ ಅಂದರೆ ಪಕ್ಕವನ್ನೂ ಹಿಡಿಸಬೇಕು. ನನ್ನ ಶರ್ಟಿಗೆ ಎರಡೂ ಬೇಕಾಯಿತು.

ಲೆಕ್ಕ ಹೀಗೆ. ಒಂದೊಂದು ಡಾಟ್ ಮಡಚಿದಾಗ ಅರ್ಧ ಇಂಚು, ಬಿಚ್ಚಿದರೆ ಒಂದು ಇಂಚು ಬಟ್ಟೆ. ಎರಡು ಡಾಟಿಗೆ 2 ಇಂಚು ಹೋಯಿತು. ಉಳಿದ 3 ಇಂಚು ಪಕ್ಕದಿಂದ. ಒಂದೊಂದು ಪಕ್ಕದ ಹೊಲಿಗೆ ಮುಕ್ಕಾಲು ಇಂಚು ಒಳಗೆ ಬಂದರೆ ಮುಂದೆ ಹಿಂದೆ ಸೇರಿ ಒಂದೂವರೆ, ಎರಡೂ ಪಕ್ಕಕ್ಕೆ 3. ಒಟ್ಟು 5. ಶರ್ಟು 44ರಿಂದ 39ಕ್ಕೆ ಬಂತು.

ಕೆಲಸ ಮಾಡುವಾಗಲೂ ಒಂದು ಕ್ರಮ ಇದೆ. ಮೊದಲು ಡಾಟ್ ಹಾಕಿಸಿ, ಯಾಕೆಂದರೆ ಬಟ್ಟೆ ಕತ್ತರಿಸುವುದಿಲ್ಲ, ಬೇಡ ಅನಿಸಿದರೆ ಬಿಚ್ಚಬಹುದು. ನಮ್ಮ ಈಗಿನ ಟೇಲರ್ ಶರ್ಟು ಹಾಕಿಸಿ ನಿಲ್ಲಿಸಿ ಗುಂಡುಪಿನ್ನು ಚುಚ್ಚುತ್ತಾರೆ. ಬೆನ್ನಿನ ನಡುಗೆರೆಯಿಂದ ಸುಮಾರು ನಾಲ್ಕೂವರೆ ಇಂಚು ದೂರ ಒಂದೊಂದು ಡಾಟ್. ಮೇಲಿನ ತುದಿ ಕಂಕುಳ ಮಟ್ಟಕ್ಕಿಂತ ಒಂದು ಇಂಚು ಕೆಳಗೆ, ರೆಕ್ಕೆ ಮೂಳೆಯನ್ನು ಮುಟ್ಟಬಾರದು. ಕೆಳಗಿನ ತುದಿ ಅಂಚಿಗಿಂತ ನಾಲ್ಕೈದು ಇಂಚು ಮೇಲೇ ನಿಲ್ಲಬೇಕು, ಇಲ್ಲದಿದ್ದರೆ ಸೀಟಿನ ಹತ್ತಿರ ಬಿಗಿಯುತ್ತದೆ. ಉದ್ದ 13 ಇಂಚಿನ ಆಸುಪಾಸು ಬರುತ್ತದೆ. ಅತಿ ಅಗಲ ಇರಬೇಕಾದದ್ದು ಸೊಂಟದ ಗುಳಿಯಲ್ಲಿ. ತುದಿಗಳು ನಿಧಾನವಾಗಿ ಸೊನ್ನೆಗೆ ಬರಬೇಕು. ಅವಸರದಲ್ಲಿ ತಟಕ್ಕನೆ ನಿಲ್ಲಿಸಿದರೆ ತುದಿಯಲ್ಲಿ ಗುಳ್ಳೆ ಎದ್ದ ಹಾಗೆ ಬಟ್ಟೆ ಉಬ್ಬುತ್ತದೆ, ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಶರ್ಟು ವಾಪಸ್ ತಗೊಳ್ಳುವಾಗ ಮೊದಲು ನೋಡಬೇಕಾದದ್ದು ಅದನ್ನೇ.

ಪಕ್ಕದ ಹೊಲಿಗೆ ಕಂಕುಳಿಗಿಂತ ಒಂದೆರಡು ಇಂಚು ಕೆಳಗಿನಿಂದ ಶುರುವಾಗಿ, ಸೊಂಟದಲ್ಲಿ ಮುಕ್ಕಾಲು ಇಂಚು ಒಳಗೆ ಹೋಗಿ, ಅಂಚಿಗೆ ಬರುವಷ್ಟರಲ್ಲಿ ಮತ್ತೆ ಹಳೆಯ ಹೊಲಿಗೆಗೆ ಸೇರಬೇಕು. ಮೊದಲು ದೊಡ್ಡ ಟಾಕಿ ಹಾಕಿ ಹಾಕಿಕೊಂಡು ನೋಡಿ. ಕುರ್ಚಿಯಲ್ಲಿ ಕೂತು ನೋಡಿ. ಹೊಟ್ಟೆಯ ಗುಂಡಿ ಬಾಯಿ ಬಿಡದಿದ್ದರೆ ಮಾತ್ರ ಗಟ್ಟಿ ಹೊಲಿಗೆ. ಒಳಗಿನ ಬಟ್ಟೆ ಒಂದು ತಿಂಗಳು ಕತ್ತರಿಸಬೇಡಿ ಅಂತ ಹೇಳಿಬಿಡಿ. ಕೆಲವರು ಗೊಣಗುತ್ತಾರೆ, ಒಳಗಡೆ ನೀಟಾಗಿ ಕಾಣಲ್ಲ ಅಂತ. ನೋಡುವವರು ಯಾರು ಮಾರಾಯ್ರೆ.

ಎಲ್ಲ ಬಟ್ಟೆಗೂ ಡಾಟ್ ಚೆನ್ನಾಗಿ ಕಾಣುವುದಿಲ್ಲ. ಪ್ಲೇನ್ ಬಟ್ಟೆಯಲ್ಲಿ ಸಣ್ಣ ಗೆರೆ ಕಾಣುತ್ತದೆ, ತೊಂದರೆ ಇಲ್ಲ. ಪ್ರಿಂಟಿನಲ್ಲಿ ಗೊತ್ತೇ ಆಗುವುದಿಲ್ಲ. ಉದ್ದ ಪಟ್ಟೆ ಇದ್ದರೆ ಪಟ್ಟೆಗಳು ಸೊಂಟದಲ್ಲಿ ಒಂದಕ್ಕೊಂದು ನುಗ್ಗಿದ ಹಾಗೆ ಕಾಣುತ್ತವೆ. ದೊಡ್ಡ ಚೌಕುಳಿಯಲ್ಲಂತೂ ಬೇಡವೇ ಬೇಡ. ಚೌಕುಳಿ ಶರ್ಟು ಬೇಕೇ ಬೇಕು ಅನ್ನುವವರು, ಪಕ್ಕದಿಂದ ಮಾತ್ರ ಹಿಡಿಸಿ 40-41ಕ್ಕೆ ತೃಪ್ತರಾಗಿ ಇನ್ ಮಾಡದೆ ಹೊರಗೆ ಬಿಟ್ಟು ಹಾಕುವುದು ವಾಸಿ.

ಹೊಲಿಸುವುದಾದರೆ

ಎದೆ-ಹೊಟ್ಟೆಯ ನಡುವೆ 11-12 ಇಂಚು ವ್ಯತ್ಯಾಸ ಇರುವವರಿಗೆ ರೆಡಿಮೇಡ್ ಜೊತೆ ಗುದ್ದಾಡುವುದಕ್ಕಿಂತ ಹೊಲಿಸುವುದೇ ಸರಿ. 58 ಇಂಚು ಪನ್ನದ ಬಟ್ಟೆಯಾದರೆ ತುಂಬು ತೋಳಿಗೆ ಮಾಮೂಲಿ 1.6 ಮೀಟರು. ನಮ್ಮ ಗಾತ್ರಕ್ಕೆ 1.8 ಇದ್ದರೆ ಕಟ್ಟಿಂಗಿನಲ್ಲಿ ಕಂಜೂಸಿ ಆಗಲ್ಲ. ಕಾಟನ್ ಅಥವಾ ಲಿನನ್ ಆದರೆ ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ ಕೊಡಿ.

ಕಟ್ಟಿಂಗ್ ಮಾಡುವಾಗ ಅನೇಕ ಟೇಲರ್‌ಗಳು ಎದೆಯ ಅಳತೆ ಒಂದನ್ನೇ ಹಿಡಿದು ಪಕ್ಕದ ಗೆರೆಯನ್ನು ನೆಟ್ಟಗೆ ಕೆಳಗೆ ಎಳೆಯುತ್ತಾರೆ. ಹೊಟ್ಟೆ, ಸೀಟು ಎರಡೂ ಅಳತೆ ಬರೆದುಕೊಂಡರಾ ಅಂತ ಬಿಲ್ ಪುಸ್ತಕ ಇಣುಕಿ ನೋಡಿ. ಸರಿಯಾಗಿ ಕೂತ ಹಳೆಯ ಶರ್ಟು ಇದ್ದರೆ ಅದನ್ನೇ ಕೊಟ್ಟುಬಿಡುವುದು ಎಲ್ಲಕ್ಕಿಂತ ಚೆನ್ನ. ಬಾಯಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ.

ಕೋಟು

ನಮ್ಮ ಊರಲ್ಲಿ ಗಂಡಸರು ಕೋಟು ಹಾಕುವುದು ರಿಸೆಪ್ಷನ್ನಿಗೆ ಮಾತ್ರ. ಅದಕ್ಕೇ ಅವಸರದಲ್ಲಿ ಕೊಂಡು ಕೆಡಿಸಿಕೊಳ್ಳುತ್ತೇವೆ. ಕೋಟು-ಪ್ಯಾಂಟು ಸೆಟ್ ತಗೊಳ್ಳಬೇಡಿ. ಆರು ಇಂಚಿನ ಲೆಕ್ಕ ಮೊದಲೇ ಹೇಳಿದೆನಲ್ಲ, 44ರ ಕೋಟಿಗೆ 38ರ ಪ್ಯಾಂಟು ಜೊತೆ ಬರುತ್ತದೆ. ಪ್ಯಾಂಟಿನ ಸೊಂಟವನ್ನು ಹಿಂದಿನ ಹೊಲಿಗೆಯಿಂದ ಎರಡು ಇಂಚು ಇಳಿಸಬಹುದು. ಆರು ಇಂಚು ಇಳಿಸಿದರೆ ಹಿಂದಿನ ಎರಡು ಜೇಬು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಬ್ಲೇಜರ್ ಬೇರೆ, ಪ್ಯಾಂಟು ಬೇರೆ ತಗೊಳ್ಳಿ.

ಕೋಟಿನ ಭುಜವನ್ನು ಮುಟ್ಟಲೇಬಾರದು. ಒಳಗೆ ಪ್ಯಾಡು, ಕ್ಯಾನ್ವಾಸು ಎಲ್ಲ ಇರುತ್ತದೆ, ಬಿಚ್ಚಿದರೆ ಮತ್ತೆ ಹಾಗೆ ಕೂರುವುದಿಲ್ಲ. ಭುಜದಿಂದ ಕೆಳಗೆ ತೋಳಿನಲ್ಲಿ ಗುಳಿ ಬಿದ್ದರೆ ಭುಜ ದೊಡ್ಡದು. ತೋಳಿನ ಮೇಲ್ಭಾಗದಲ್ಲಿ ಮಾಂಸ ಉಬ್ಬಿ ಹೊರಗೆ ತಳ್ಳಿದರೆ ಚಿಕ್ಕದು. ಗುಂಡಿ ಹಾಕಿದಾಗ ಎದೆಯ ಮೇಲಿನ ಕಾಲರ್ ಮಡಿಕೆ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದರೆ ಎದೆ ಸಾಲುತ್ತಿಲ್ಲ. ಅಂಥದ್ದನ್ನು ಯಾವ ಟೇಲರ್ ಹತ್ತಿರವೂ ಸರಿ ಮಾಡಲು ಆಗುವುದಿಲ್ಲ.

ಸೊಂಟವನ್ನು ಪಕ್ಕದ ಹೊಲಿಗೆ ಮತ್ತು ಬೆನ್ನ ನಡುವಿನ ಹೊಲಿಗೆಯಿಂದ ಇಳಿಸುತ್ತಾರೆ. ತಂಗಿ ಮದುವೆಗೆ ತಗೊಂಡ ನನ್ನ ಬ್ಲೇಜರ್ ಸೊಂಟದಲ್ಲಿ 43 ಇತ್ತು, 40ಕ್ಕೆ ತಂದೆವು. ಮೂರು ಇಂಚೇ ಮಿತಿ ಅನ್ನಬಹುದು. ಇನ್ನೊಂದು ಇಂಚು ಇಳಿಸಿ ಅಂತ ನಾನು ಹಟ ಹಿಡಿದೆ. ಟೇಲರ್ ಪಿನ್ನು ಚುಚ್ಚಿ ಕನ್ನಡಿ ತೋರಿಸಿದರು. ಹಿಂದಿನ ಸೀಳು ಬಾಯಿ ತೆರೆದು ನಿಂತಿತ್ತು, ಮುಂದಿನ ಜೇಬುಗಳು ಪಕ್ಕಕ್ಕೆ ಸರಿದು ಹೋಗಿದ್ದವು. ಸುಮ್ಮನಾದೆ. ಕೋಟು ಶರ್ಟಿನಷ್ಟು ಮೈಗೆ ಅಂಟಬೇಕಾಗಿಲ್ಲ.

ಜರ್ಕಿನ್ನು, ಮಳೆ ಜಾಕೆಟ್ಟು

ಚಳಿಗೆ ಹಾಕುವ ಜರ್ಕಿನ್ನಿನಲ್ಲಿ ನಮಗೆ ಅದೃಷ್ಟ ಇದೆ. ಸೊಂಟದಲ್ಲಿ ಎಲಾಸ್ಟಿಕ್ ಪಟ್ಟಿ ಇರುವುದನ್ನು ನೋಡಿ ತಗೊಂಡರೆ ಅರ್ಧ ಕೆಲಸ ಆಯಿತು. ತೋಳಿನ ಹೊಲಿಗೆ ಭುಜದ ತುದಿಯಲ್ಲಿ ಇರದೆ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿದಿದ್ದರೆ ಇನ್ನೂ ಒಳ್ಳೆಯದು. ಅಂಥದ್ದರಲ್ಲಿ ಭುಜದ ಅಳತೆಯ ರಗಳೆಯೇ ಇಲ್ಲ.

ಮಳೆ ಜಾಕೆಟ್ಟನ್ನು ಮಾತ್ರ ಆಲ್ಟರೇಷನ್ನಿಗೆ ಕೊಡಬೇಡಿ. ಒಳ್ಳೆಯ ಮಳೆ ಜಾಕೆಟ್ಟಿನಲ್ಲಿ ಹೊಲಿಗೆಯ ಒಳಬದಿಗೆ ನೀರು ಬರದ ಹಾಗೆ ಟೇಪು ಅಂಟಿಸಿರುತ್ತಾರೆ. ಪಕ್ಕ ಹಿಡಿಸಿದರೆ ಹೊಸ ಹೊಲಿಗೆಯ ಸೂಜಿ ತೂತಿಗೆ ಟೇಪು ಇರುವುದಿಲ್ಲ. ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ಎರಡೂ ಪಕ್ಕ ಒದ್ದೆ. ಎದೆಗೆ, ಒಳಗಿನ ಸ್ವೆಟರ್ ಸಮೇತ, ಸರಿಯಾದದ್ದನ್ನು ತಗೊಂಡು ಸೊಂಟ ಅಥವಾ ಅಂಚಿನಲ್ಲಿ ಎಳೆದು ಕಟ್ಟುವ ದಾರ ಇದೆಯಾ ನೋಡಿ. ಬೈಕಿನಲ್ಲಿ ಗಾಳಿ ತುಂಬಿ ಬಲೂನಾಗುವುದು ಆ ದಾರ ಬಿಗಿದರೆ ನಿಲ್ಲುತ್ತದೆ. ಅದನ್ನು ಮಾತ್ರ ಶರ್ಟಿನ ಹಾಗೆ ಬಚ್ಚಲ ಒಲೆಯ ಮೇಲೆ ಒಣಹಾಕಬೇಡಿ, ಬಿಸಿಗೆ ಒಳಗಿನ ಟೇಪು ಸುರುಳಿ ಸುತ್ತಿಕೊಂಡು ಎದ್ದು ಬರುತ್ತದೆ.